ಸೌಹಾರ್ದದ 10 ಪರ್ಸೆಂಟೋ, ಪೋಸ್ಟಿನ 8.2 ಪರ್ಸೆಂಟೋ: 45 ಲಕ್ಷದ ಲೆಕ್ಕ

ಪ್ರಶ್ನೆ: ಸರ್, ನಾನು ಜಮಖಂಡಿ ಕಡೆಯವ, ವಯಸ್ಸು 61. ಸಕ್ಕರಿ ಕಾರ್ಖಾನಿ ಕೆಲಸದಿಂದ ರಿಟೈರ್ ಆಗೀನಿ. ಪಿಎಫ್, ಗ್ರಾಚ್ಯುಟಿ ಎಲ್ಲಾ ಕೂಡಿ 45 ಲಕ್ಷ ಸೇವಿಂಗ್ಸ್ ಖಾತೆದಾಗ ಹಂಗ ಬಿದ್ದೈತಿ. ಪಿಎಫ್ ಪಿಂಚಣಿ ತಿಂಗಳಿಗೆ 3,200 ಬರ್ತೈತಿ, ಮನಿ ಖರ್ಚಿಗೆ 28 ಸಾವಿರ ಬೇಕು. ಊರಾಗಿನ ಸೌಹಾರ್ದದವರು 10 ಪರ್ಸೆಂಟ್ ಕೊಡ್ತೀವಿ ಅಂತಾರ, ಮೊದಲಿಂದ 4 ಲಕ್ಷ ಅಲ್ಲೇ ಇಟ್ಟೀನಿ. ಬ್ಯಾಂಕಿನ ಹುಡುಗ ಆನ್ಯುಟಿ ತಗೋರಿ ಟ್ಯಾಕ್ಸ್ ಉಳಿತೈತಿ ಅಂತಾನ. ಮಗ ಪೋಸ್ಟ್ ಆಫೀಸ್ ಅಂತಾನ. ಮನಿಯವ್ರಿಗೆ 57. ಯಾವುದು ಸೇಫ್, ಯಾವುದಕ್ಕ ಟ್ಯಾಕ್ಸ್ ಕಡಿಮಿ?

ಉತ್ತರ: ಅಣ್ಣಾರ, ಮೊದಲ ಟ್ಯಾಕ್ಸಿನ ಮಾತು ಮುಗಿಸಿಬಿಡೋಣು, ಯಾಕಂದ್ರ ನಿಮ್ಮ ಆದಾಯಕ್ಕ ಅದು ದೊಡ್ಡ ಪ್ರಶ್ನೆನ ಅಲ್ಲ. 2025-26ರ ಲೆಕ್ಕದಾಗ ಹೊಸ ಪದ್ಧತಿ ಒಳಗ 4 ಲಕ್ಷದ ತನಕ ಟ್ಯಾಕ್ಸ್ ಇಲ್ಲ, ಅದರ ಮ್ಯಾಲ 12 ಲಕ್ಷದ ತನಕ ಟ್ಯಾಕ್ಸ್ ಕೂಡಿದ್ರೂ ರಿಬೇಟ್ ಅಂತ ಪೂರ್ತಿ ಮಾಫ್ ಆಗ್ತೈತಿ. ನೀವು 45 ಲಕ್ಷನ ಎಲ್ಲಿ ಬೇಕಾದಲ್ಲಿ ಇಡ್ರಿ, ಪೋಸ್ಟಿನ್ಯಾಗ, ಬ್ಯಾಂಕಿನ್ಯಾಗ, ಸೌಹಾರ್ದದಾಗ, ಇಲ್ಲಾ ವಿಮಾ ಕಂಪನಿಯಿಂದ ಪಿಂಚಣಿ ಕೊಳ್ಳೂ ಆನ್ಯುಟಿ ತಗೋರಿ, ವರ್ಷದ ಆದಾಯ 6 ಲಕ್ಷ ದಾಟೂದಿಲ್ಲ. ಅಂದ್ರ ನಾಲ್ಕರಾಗೂ ಟ್ಯಾಕ್ಸ್ ಸೊನ್ನಿ. ನಾಲ್ಕೂ ಬಡ್ಡಿ ಅಥವಾ ಪಿಂಚಣಿ ಪೂರ್ತಿ ಆದಾಯ ಅಂತ ಲೆಕ್ಕಕ್ಕ ಬರ್ತಾವ, ಯಾವುದಕ್ಕೂ ವಿಶೇಷ ಮಾಫಿ ಇಲ್ಲ. ಹಂಗಾಗಿ ಆ ಬ್ಯಾಂಕಿನ ಹುಡುಗ ಟ್ಯಾಕ್ಸ್ ಉಳಿತೈತಿ ಅಂತ ಹೇಳಿದ್ದು ನಿಮಗ ಸಂಬಂಧನ ಇಲ್ಲದ ಮಾತು. ಉಳಸಾಕ ಟ್ಯಾಕ್ಸ್ ಇದ್ರ ತಾನ ಉಳಿಯೂದು?

ಈಗ ಉಳಿದದ್ದು ಸೇಫ್ಟಿ. ಇಲ್ಲಿ ನಿಮ್ಮ ಊರಿನ ಸುತ್ತಮುತ್ತ ನಡೆದದ್ದನ್ನ ನೆನಪ ಮಾಡ್ಕೋರಿ. 2022ರ ಜೂನ್‌ನಾಗ ಮುಧೋಳ ಕೋ-ಆಪರೇಟಿವ್ ಬ್ಯಾಂಕಿನ ಲೈಸೆನ್ಸ್ ಆರ್‌ಬಿಐ ರದ್ದು ಮಾಡ್ತು, ಅದ ವರ್ಷ ಆಗಸ್ಟ್‌ನಾಗ ವಿಜಯಪುರದ ಡೆಕ್ಕನ್ ಅರ್ಬನ್ ಕೋ-ಆಪರೇಟಿವ್ ಬ್ಯಾಂಕಿನದೂ ರದ್ದಾತು. ಎರಡೂ ಕಡೆ ರೊಕ್ಕ ಇಟ್ಟಿದ್ದ ಮಂದಿಯೊಳಗ 99 ಪರ್ಸೆಂಟ್‌ಗಿಂತ ಹೆಚ್ಚಿನವ್ರಿಗೆ ಪೂರ್ತಿ ರೊಕ್ಕ ಸಿಗ್ತೈತಿ ಅಂತ ಆರ್‌ಬಿಐ ಆಗ ಹೇಳಿತ್ತು. ಯಾಕ ಸಿಗ್ತೈತಿ ಅಂದ್ರ ಅವು ಆರ್‌ಬಿಐ ಲೈಸೆನ್ಸ್ ಇದ್ದ ಬ್ಯಾಂಕುಗಳು, ಅದಕ್ಕ ಡಿಐಸಿಜಿಸಿ ಅನ್ನೋ ಠೇವಣಿ ವಿಮಾ ಇತ್ತು. ಒಬ್ಬ ಮನಷ್ಯಾಗ ಒಂದು ಬ್ಯಾಂಕಿನ್ಯಾಗ ಅಸಲು ಬಡ್ಡಿ ಕೂಡಿ 5 ಲಕ್ಷದ ತನಕ ಆ ವಿಮಾ. 2020ರ ಫೆಬ್ರುವರಿಗಿಂತ ಮೊದಲ ಇದು ಬರೇ 1 ಲಕ್ಷ ಇತ್ತು. 5 ಲಕ್ಷದ ಮ್ಯಾಲ ಇಟ್ಟಿದ್ದ ಉಳಿದ ಸ್ವಲ್ಪ ಮಂದಿ ಏನಾದ್ರು? ಅವ್ರು ಬ್ಯಾಂಕಿನ ಆಸ್ತಿ ಮಾರಿ ಸಾಲ ವಸೂಲಾಗಿ ಏನರ ಬಂದ್ರ ಸಿಗ್ತೈತಿ ಅಂತ ಕಾಯಬೇಕು.

ನಿಮ್ಮ ಊರಿನ ಸೌಹಾರ್ದಕ್ಕ ಈ 5 ಲಕ್ಷದ ವಿಮಾನೂ ಇಲ್ಲ. ಇದು ಭಾಳ ಮಂದಿಗೆ ಗೊತ್ತಿಲ್ಲ, ಯಾಕಂದ್ರ ಕೌಂಟರ್, ಪಾಸ್‌ಬುಕ್, ಲಾಕರ್, ಮ್ಯಾನೇಜರ್ ಎಲ್ಲಾ ಬ್ಯಾಂಕಿನಂಗ ಕಾಣ್ತಾವ. ನಿಮ್ಮ ಠೇವಣಿ ಪತ್ರ ತಗದು ಹೆಸರು ಪೂರ್ತಿ ಓದ್ರಿ. ಕೊನಿಗೆ "ಪತ್ತಿನ ಸೌಹಾರ್ದ ಸಹಕಾರಿ ನಿಯಮಿತ" ಅಥವಾ "ಕ್ರೆಡಿಟ್ ಸೌಹಾರ್ದ" ಅಂತಿದ್ದು "ಬ್ಯಾಂಕ್" ಅನ್ನೋ ಶಬ್ದ ಇರ್ಲಿಲ್ಲ ಅಂದ್ರ ಅದು ಸೊಸೈಟಿ, 1997ರ ಸೌಹಾರ್ದ ಕಾಯ್ದೆ ಕೆಳಗಿಂದು, ಆರ್‌ಬಿಐ ಲೈಸೆನ್ಸ್ ಇಲ್ಲ, ವಿಮಾ ಇಲ್ಲ. "ಸೌಹಾರ್ದ ಸಹಕಾರಿ ಬ್ಯಾಂಕ್" ಅಂತ ಲೈಸೆನ್ಸ್ ಇದ್ದವೂ ಅದಾವ, ಅವುಕ್ಕ ವಿಮಾ ಐತಿ, ಎರಡನ್ನೂ ಒಂದ ಮಾಡಬ್ಯಾಡ್ರಿ. ಸಂಶಯ ಬಂದ್ರ ಮಗನಿಗೆ dicgc.org.in ತಗದು ವಿಮಾ ಇದ್ದ ಬ್ಯಾಂಕುಗಳ ಪಟ್ಟಿಯೊಳಗ ಹೆಸರು ಹುಡುಕು ಅಂತ ಹೇಳ್ರಿ, ಪಟ್ಟಿಯೊಳಗ ಇಲ್ಲಂದ್ರ ಇಲ್ಲ, ಅಷ್ಟ. ಡಿಸಿಸಿ ಬ್ಯಾಂಕಿಗೆ ವಿಮಾ ಐತಿ, ಹಳ್ಳಿಯೊಳಗಿನ ಕೃಷಿ ಪತ್ತಿನ ಸಂಘ ಪಿಕೆಪಿಎಸ್‌ಗೆ ಇಲ್ಲ.

ಹಂಗಂದ್ರ ಸೊಸೈಟಿ ಎಲ್ಲಾ ಮುಳಗ್ತಾವ ಅಂತಲ್ರಿ, ನಮ್ಮ ಬೆಳಗಾವಿ ಬಾಗಲಕೋಟಿ ಕಡೆ ಮೂವತ್ತು ನಾಲ್ವತ್ತು ವರ್ಷದಿಂದ ಛೊಲೋ ನಡಕೊಂಡು ಬಂದವೂ ಅದಾವ, ಎಷ್ಟೋ ಮಂದಿ ಮನಿ ಕಟ್ಟಿದ್ದು ಮಗಳ ಲಗ್ನ ಮಾಡಿದ್ದು ಅವುಗಳ ಸಾಲದ ಮ್ಯಾಲೆನ. ಆದ್ರ ನಿಮ್ಮ ಲೆಕ್ಕ ನೋಡ್ರಿ. 45 ಲಕ್ಷ ಪೂರ್ತಿ ಅಲ್ಲಿಟ್ರ ವರ್ಷಕ್ಕ 4.5 ಲಕ್ಷ ಬಡ್ಡಿ. ನಾ ಕೆಳಗ ಹೇಳೋ ಹಂಗ ಇಟ್ರ 3,30,500. ವ್ಯತ್ಯಾಸ 1,19,500, ತಿಂಗಳಿಗೆ ಹತ್ತಿರ ಹತ್ತಿರ 10 ಸಾವಿರ. ಮೂರು ವರ್ಷ ಆದ ಮ್ಯಾಲ ಆ ಸೊಸೈಟಿ ಬಾಗಿಲಿಗೆ ಕೀಲಿ ಬಿತ್ತು ಅಂದ್ರ ನೀವು ಹೆಚ್ಚಿಗಿ ಗಳಿಸಿದ್ದು ಮೂರೂವರಿ ಲಕ್ಷ ಚಿಲ್ಲರಿ, ಸಿಕ್ಕೊಂಡಿದ್ದು 45 ಲಕ್ಷ. 30ನೇ ವಯಸ್ಸಿನವ ಆದ್ರ ಮತ್ತ ಗಳಸ್ತಾನ, 61ಕ್ಕ ಅದು ಆಗೂದಿಲ್ಲ. ಹೆಚ್ಚಿನ ಬಡ್ಡಿ ಸುಮ್ನ ಕೊಡೂದಿಲ್ರಿ ಯಾರೂ, ಅವ್ರು ಅದನ್ನ 14, 15, 16 ಪರ್ಸೆಂಟ್‌ಗೆ ಸಾಲ ಕೊಟ್ರ ಮಾತ್ರ ನಿಮಗ 10 ಕೊಡಾಕ ಆಗ್ತೈತಿ, ಆ ಸಾಲ ತಗೋಳೋರು ಬ್ಯಾಂಕಿನ್ಯಾಗ ಸಾಲ ಹುಟ್ಟದವ್ರು.

ಸರಿ, ಹಂಗಾದ್ರ ಎಲ್ಲಿಡೋದು. ಈ ವಿಷಯದಾಗ ನಿಮ್ಮ ಮಗ ಹೇಳಿದ್ದು ಖರೇ. ಪೋಸ್ಟ್ ಆಫೀಸಿನ ಸೀನಿಯರ್ ಸಿಟಿಜನ್ ಸೇವಿಂಗ್ಸ್ ಸ್ಕೀಮ್‌ದಾಗ ಒಬ್ಬರಿಗೆ 30 ಲಕ್ಷದ ತನಕ ಇಡಬಹುದು, ಮೊದಲ 15 ಇತ್ತು, 2023ರ ಏಪ್ರಿಲ್‌ದಾಗ ಡಬಲ್ ಮಾಡಿದ್ರು. ಬಡ್ಡಿ ಆಗಿಂದ 8.2 ಪರ್ಸೆಂಟ್ ಐತಿ. ಸರ್ಕಾರ ಮೂರು ತಿಂಗಳಿಗೊಮ್ಮೆ ಹೊಸ ರೇಟ್ ಹೇಳ್ತೈತಿ, ಆದ್ರ ನೀವು ಖಾತೆ ತಗದ ದಿನದ ರೇಟ್ ಐದು ವರ್ಷ ನಿಮಗ ಫಿಕ್ಸ್. ಇದು ಕೇಂದ್ರ ಸರ್ಕಾರದ ನೇರ ಜವಾಬ್ದಾರಿ, 5 ಲಕ್ಷದ ಮಿತಿ ಗಿತಿ ಏನೂ ಇಲ್ಲ, 30 ಲಕ್ಷಕ್ಕೂ ಸರ್ಕಾರನ ಗ್ಯಾರಂಟಿ. ಪೋಸ್ಟಿಗೆ ಹೋಗಾಕ ದೂರ ಆದ್ರ ಎಸ್‌ಬಿಐ, ಕೆನರಾದಂಥ ಬ್ಯಾಂಕಿನ್ಯಾಗೂ ಇದ ಸ್ಕೀಮ್ ತಗೀತಾರ, ಬಡ್ಡಿ ಗ್ಯಾರಂಟಿ ಎರಡೂ ಅಷ್ಟ.

30 ಲಕ್ಷಕ್ಕ ವರ್ಷಕ್ಕ 2,46,000, ಮೂರು ತಿಂಗಳಿಗೊಮ್ಮೆ 61,500. ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ ಮೊದಲ ತಾರೀಖಿಗೆ ಜಮಾ ಆಗ್ತೈತಿ. ಅದು ನಿಮ್ಮ ಸೇವಿಂಗ್ಸ್ ಖಾತೆಗೆ ತಾನ ಹೋಗೂ ಹಂಗ ಫಾರ್ಮ್ ಬರಕೊಡ್ರಿ, ಯಾಕಂದ್ರ ತಗೋಳದ ಅಲ್ಲೇ ಬಿಟ್ಟ ಬಡ್ಡಿಗೆ ಮತ್ತ ಬಡ್ಡಿ ಬರೂದಿಲ್ಲ. ವರ್ಷಗಟ್ಟಲೆ ಪಾಸ್‌ಬುಕ್ ಎಂಟ್ರಿ ಮಾಡಸದ, ಅಸಲಿನ ಸಂಗಡ ಬೆಳಿತೈತಿ ಅಂತ ತಿಳ್ಕೊಂಡು ಬಿಟ್ಟವ್ರನ್ನ ನಮ್ಮ ಆಫೀಸಿನ್ಯಾಗ ಪ್ರತಿ ವರ್ಷ ಒಬ್ಬರಿಬ್ಬರನ್ನ ನೋಡ್ತೀನಿ.

ಒಂದು ಕೆಲಸ ಮಾತ್ರ ಮಾಡಬ್ಯಾಡ್ರಿ, 30 ಲಕ್ಷನ ಒಂದ ಖಾತೆದಾಗ ಹಾಕಬ್ಯಾಡ್ರಿ. ಈ ಸ್ಕೀಮ್‌ದಾಗ ಅರ್ಧಮರ್ಧ ತಗಿಯಾಕ ಬರೂದಿಲ್ಲ, ಮುರದ್ರ ಪೂರ್ತಿ ಖಾತೆ ಮುರಿಬೇಕು. ಒಂದು ವರ್ಷ ಆದ ಮ್ಯಾಲ ಎರಡು ವರ್ಷದೊಳಗ ಮುರದ್ರ ಅಸಲಿನ 1.5 ಪರ್ಸೆಂಟ್ ಕಟ್, ಎರಡು ವರ್ಷದ ಮ್ಯಾಲ 1 ಪರ್ಸೆಂಟ್ ಕಟ್. ಮೂರನೇ ವರ್ಷ ದವಾಖಾನಿಗೆ ನಾಲ್ಕು ಲಕ್ಷ ಬೇಕಾತು ಅನ್ಕೋರಿ, 30 ಲಕ್ಷದ ಒಂದ ಖಾತೆ ಇದ್ರ ಅದನ್ನ ಮುರದು 30 ಸಾವಿರ ಕಳಕೋಬೇಕು, ಮತ್ತ ಉಳಿದ 26 ಲಕ್ಷ ಆಗಿನ ರೇಟಿಗೆ ಹೊಸದಾಗಿ ಇಡಬೇಕು. ಅದ 15, 10, 5 ಅಂತ ಮೂರು ಖಾತೆ ಮಾಡಿದ್ರ 5 ಲಕ್ಷದ್ದು ಮುರೀರಿ, ಹೋಗೂದು ಬರೇ 5 ಸಾವಿರ, ಉಳಿದ ಎರಡು 8.2ರ ಮ್ಯಾಲೆನ ಓಡ್ತಿರ್ತಾವ. ಮೂರೂ ಕೂಡಿ 30 ದಾಟಬಾರದು ಅಷ್ಟ, ಖಾತೆ ಎಷ್ಟರ ತಗೀರಿ ಯಾರೂ ಕೇಳೂದಿಲ್ಲ. ಕೌಂಟರ್‌ದವ್ರು ಒಂದ ಮಾಡ್ರಿ ಅಂತ ಅಂತಾರ, ಅವ್ರಿಗೆ ಬರಿಯೂ ಕೆಲಸ ಕಡಿಮಿ, ನೀವು ಒಪ್ಪಬ್ಯಾಡ್ರಿ.

ಉಳಿದ 15 ಲಕ್ಷದಾಗ 2 ಲಕ್ಷ ಸೇವಿಂಗ್ಸ್‌ದಾಗ ಕೈಗೆ ಸಿಗೂ ಹಂಗ ಇರಲಿ. 13 ಲಕ್ಷ ಮೂರು ಬ್ಯಾಂಕಿನ್ಯಾಗ ಎಫ್‌ಡಿ ಮಾಡ್ರಿ, ಎರಡು ಸರ್ಕಾರಿ ಬ್ಯಾಂಕ್, ಮನಸ್ಸಿದ್ರ ಒಂದು ಊರಿನ ಅರ್ಬನ್ ಬ್ಯಾಂಕ್, ಅದು ಲೈಸೆನ್ಸ್ ಮತ್ತ ವಿಮಾ ಇದ್ದದ್ದು. ಪ್ರತಿ ಬ್ಯಾಂಕಿನ್ಯಾಗ ನಾಲ್ಕೂ ಕಾಲು ನಾಲ್ಕೂವರಿ ಲಕ್ಷ ಸಾಕು, ಮೊದಲ ಹೇಳಿದಂಗ 5 ಲಕ್ಷದ ವಿಮಾದಾಗ ಬಡ್ಡಿನೂ ಸೇರ್ತೈತಿ, ಅದಕ್ಕ ಪೂರ್ತಿ 5 ಇಡಬಾರದು. ಮತ್ತ ಅದ ಬ್ಯಾಂಕಿನ ಬ್ಯಾರೆ ಬ್ರಾಂಚ್‌ದಾಗ ಇಟ್ರ ಬ್ಯಾರೆ ಅಂತ ಎಣಿಸೂದಿಲ್ಲ, ಜಮಖಂಡಿ ಬ್ರಾಂಚು ಬನಹಟ್ಟಿ ಬ್ರಾಂಚು ಎಲ್ಲಾ ಒಂದ. ಬೇಕಂದ್ರ ನಿಮ್ಮ ಒಬ್ಬರ ಹೆಸರಿಲೆ ಒಂದು, ನಿಮ್ಮದು ವೈನಿದು ಜಂಟಿ ಹೆಸರಿಲೆ ಒಂದು ಮಾಡಿದ್ರ ಅದನ್ನ ಬ್ಯಾರೆ ಬ್ಯಾರೆ ಹಿಡೀತಾರ. ಸರ್ಕಾರಿ ಬ್ಯಾಂಕಿಗೂ ಕಾಗದದ ಮ್ಯಾಲ ವಿಮಾ 5 ಲಕ್ಷನ, ಆದ್ರ ಅಲ್ಲಿ ನಾ 8 ಲಕ್ಷ ಇಟ್ರೂ ರಾತ್ರಿ ನಿದ್ದಿ ಮಾಡ್ತೀನಿ, ಅರ್ಬನ್ ಬ್ಯಾಂಕಿನ್ಯಾಗ ಮಾಡೂದಿಲ್ಲ. ಬ್ಯಾಂಕ್ ಕೆಟ್ರ ಸೀದಾ ಮುಚ್ಚೂದಿಲ್ರಿ, ಮೊದಲ ಆರ್‌ಬಿಐ ನಿರ್ಬಂಧ ಹಾಕ್ತೈತಿ, ಇಷ್ಟ ತಗೀಬೇಕು ಅಂತ ಮಿತಿ ಬರ್ತೈತಿ. 2021ರ ತಿದ್ದುಪಡಿ ಆದ ಮ್ಯಾಲ ಅಂಥ ನಿರ್ಬಂಧ ಬಂದ 90 ದಿನದಾಗ 5 ಲಕ್ಷದ ತನಕ ವಿಮಾ ರೊಕ್ಕ ಕೊಡಬೇಕು ಅಂತ ಐತಿ, ಆ ಮೂರು ತಿಂಗಳು ಮನಿ ನಡಸಾಕ ಬ್ಯಾರೆ ಕಡೆ ರೊಕ್ಕ ಇರಬೇಕು, ಮೂರು ಬ್ಯಾಂಕ್ ಮಾಡ್ರಿ ಅಂದದ್ದು ಅದಕ್ಕೂ ಹೌದು.

ಎಫ್‌ಡಿಗೆ ಹಿರಿಯರಿಗೆ ಸಾಮಾನ್ಯವಾಗಿ ಅರ್ಧ ಪರ್ಸೆಂಟ್ ಹೆಚ್ಚಿಗಿ ಕೊಡ್ತಾರ. ಲೆಕ್ಕಕ್ಕ 6.5 ಹಿಡದೀನಿ, 13 ಲಕ್ಷಕ್ಕ 84,500. ಬಡ್ಡಿ ತಿಂಗಳಿಗೋ ಮೂರು ತಿಂಗಳಿಗೋ ಕೈಗೆ ಬರೂ ಎಫ್‌ಡಿನ ತಗೋರಿ. ಕೊನಿಗೆ ಕೂಡಿಸಿ ಕೊಡೂ ಎಫ್‌ಡಿದಾಗ ಬಡ್ಡಿ ನಿಮ್ಮ ಕೈಗೆ ಬರದಿದ್ರೂ ಬ್ಯಾಂಕಿನವ್ರು ವರ್ಷಾ ವರ್ಷಾ ಅದನ್ನ ಆದಾಯ ಅಂತ ಇನ್‌ಕಮ್ ಟ್ಯಾಕ್ಸ್‌ನವ್ರಿಗೆ ತೋರಸ್ತಾರ.

ಕೂಡಿಸೋಣು: ಸ್ಕೀಮಿಂದ 2,46,000, ಎಫ್‌ಡಿಯಿಂದ 84,500, ಪಿಂಚಣಿ 38,400. ಒಟ್ಟ 3,68,900, ತಿಂಗಳಿಗೆ 30,700 ಚಿಲ್ಲರಿ. ನಿಮಗ ಬೇಕಾದದ್ದು 28 ಸಾವಿರ. ಸೌಹಾರ್ದದ 4 ಲಕ್ಷದ ಬಡ್ಡಿ 40 ಸಾವಿರ ಹಿಡಿದ್ರ ಆದಾಯ 4,08,900 ಆಗ್ತೈತಿ. ಇಲ್ಲೊಂದು ಸಣ್ಣ ಗಂಟು ಐತಿ. ಪಿಂಚಣಿಗೆ ಸಿಗೂ ಸ್ಟ್ಯಾಂಡರ್ಡ್ ಡಿಡಕ್ಷನ್ ಅನ್ನೋ ಕಡಿತ ಕಳದ ಮ್ಯಾಲೂ ಆದಾಯ 4 ಲಕ್ಷ ದಾಟಿದ್ರ, ಟ್ಯಾಕ್ಸ್ ರಿಬೇಟಿನ್ಯಾಗ ಸೊನ್ನಿ ಆದ್ರೂ ರಿಟರ್ನ್ ಮಾತ್ರ ತುಂಬಬೇಕು. ಟ್ಯಾಕ್ಸ್ ಇಲ್ಲ ಅಂದ್ರ ರಿಟರ್ನೂ ಇಲ್ಲ ಅಂತ ಅನ್ಕೊಂಡು ಸುಮ್ನ ಕೂತವ್ರಿಗೆ ಆಮ್ಯಾಲ ನೋಟಿಸ್ ಬರ್ತೈತಿ.

ಇನ್ನ ಟಿಡಿಎಸ್. 60 ದಾಟಿದವ್ರಿಗೆ ಒಂದು ಬ್ಯಾಂಕ್ ಅಥವಾ ಪೋಸ್ಟಿಂದ ವರ್ಷಕ್ಕ 1 ಲಕ್ಷಕ್ಕಿಂತ ಹೆಚ್ಚಿಗಿ ಬಡ್ಡಿ ಬಂದ್ರ 10 ಪರ್ಸೆಂಟ್ ಟಿಡಿಎಸ್ ಹಿಡೀತಾರ, 2025ರ ಏಪ್ರಿಲ್‌ಗಿಂತ ಮೊದಲ ಈ ಮಿತಿ 50 ಸಾವಿರ ಇತ್ತು. ನಿಮ್ಮ ಎಫ್‌ಡಿಗಳು ಮೂರು ಬ್ಯಾಂಕಿನ್ಯಾಗ ಹಂಚಿದ್ರಿಂದ ಅಲ್ಲಿ ಹಿಡಿಯೂದಿಲ್ಲ. ಪೋಸ್ಟಿನ 2,46,000ಕ್ಕ ಹಿಡೀತಾರ, ವರ್ಷಕ್ಕ 24,600, ಅಂದ್ರ ನಿಮ್ಮ ತಿಂಗಳ ಖರ್ಚಿನ ಅಷ್ಟ ರೊಕ್ಕ ಸರ್ಕಾರದ ಹತ್ರ ರಿಫಂಡ್ ಬರೂ ತನಕ ಕೂಡ್ತೈತಿ. ಅದಕ್ಕ ಪ್ರತಿ ಏಪ್ರಿಲ್ ಮೊದಲ ವಾರದಾಗ ಟಿಡಿಎಸ್ ಹಿಡೀಬ್ಯಾಡ್ರಿ ಅನ್ನೋ ಫಾರ್ಮ್ ಕೊಡ್ರಿ, 2025-26ರ ಲೆಕ್ಕದಾಗ ಅದರ ಹೆಸರು 15ಎಚ್. ಆದಾಯ 4 ಲಕ್ಷ ದಾಟಿದ್ರೂ ರಿಬೇಟ್ ಹಿಡಿದು ಟ್ಯಾಕ್ಸ್ ಸೊನ್ನಿ ಆಗ್ತಿದ್ರ 60 ಮ್ಯಾಲಿನವ್ರು 15ಎಚ್ ಕೊಡಬಹುದು, ಕೌಂಟರ್‌ದಾಗ ಯಾರರ ಆಗೂದಿಲ್ಲ ಅಂದ್ರ ಒಪ್ಪಬ್ಯಾಡ್ರಿ. ಒಮ್ಮೆ ಕೊಟ್ರ ಒಂದ ವರ್ಷಕ್ಕ, ಮುಂದಿನ ವರ್ಷ ಮತ್ತ ಕೊಡಬೇಕು. ಕೊಟ್ಟದ್ದಕ್ಕ ಸಹಿ ಸಿಕ್ಕಾ ಹಾಕಿದ ಪ್ರತಿ ಇಸಕೊಳ್ರಿ. ಪಾನ್ ಲಿಂಕ್ ಇರ್ಲಿಲ್ಲಂದ್ರ ಹಿಡಿಯೂದು 20 ಪರ್ಸೆಂಟ್, ಅದನ್ನ ಖಾತೆ ತಗಿಯೂವಾಗನ ನೋಡ್ಕೋರಿ.

ವೈನಿ ಹೆಸರಿಲೆ ಅರ್ಧ ಹಾಕಿದ್ರ ಟ್ಯಾಕ್ಸ್ ಹಂಚಿ ಹೋಗ್ತೈತಿ ಅಂತ ಯಾರರ ಹೇಳಿದ್ರ, ಹೋಗೂದಿಲ್ಲ. ನಿಮ್ಮ ರೊಕ್ಕ ಹೆಂಡ್ತಿಗೆ ಹಂಗ ಕೊಟ್ಟು ಅವ್ರ ಹೆಸರಿಲೆ ಇಟ್ರ ಅದರ ಬಡ್ಡಿ ಮತ್ತ ನಿಮ್ಮ ಆದಾಯಕ್ಕ ಸೇರ್ತೈತಿ. ಅವ್ರಿಗೆ 60 ಆಗೂ ತನಕ ಈ ಸ್ಕೀಮ್ ಅವ್ರ ಸ್ವಂತ ಹೆಸರಿಲೆ ಸಿಗೂದೂ ಇಲ್ಲ, ಆದ್ರ ನಿಮ್ಮ ಸಂಗಡ ಜಂಟಿ ಆಗಾಕ ಅವ್ರ ವಯಸ್ಸು ನೋಡೂದಿಲ್ಲ.

ಆನ್ಯುಟಿ ಪೂರ್ತಿ ಕೆಟ್ಟದ್ದಲ್ಲ, ಆದ್ರ ನಿಮಗ ಈಗ ಅಲ್ಲ. ಅದು ಏನಪಾ ಅಂದ್ರ ಒಂದು ಗಂಟು ರೊಕ್ಕ ವಿಮಾ ಕಂಪನಿಗೆ ಕೊಡೂದು, ಅವ್ರು ನೀವು ಇರೂ ತನಕ ತಿಂಗಳಾ ತಿಂಗಳಾ ಕೊಡೂದು. ಎಲ್‌ಐಸಿದಾಗ ಜೀವನ್ ಅಕ್ಷಯ್ ಅಂತ ಐತಿ, ಅದರಾಗ ಹತ್ತು ನಮೂನಿ. ಮುಖ್ಯ ಎರಡ: ನೀವು ಹೋದ ಮ್ಯಾಲ ಅಸಲು ವಾರಸುದಾರ್ರಿಗೆ ವಾಪಸ್ ಬರೂದು, ಮತ್ತ ಬರದಿರೂದು. ವಾಪಸ್ ಬರೂದರಾಗ ನಿಮ್ಮ ವಯಸ್ಸಿಗೆ ಸಿಗೂದು 6.5ರಿಂದ 7ರ ಆಸುಪಾಸು, ವಾಪಸ್ ಬರದ್ದರಾಗ 8ರ ಆಚೀಚೆ, ಕಂಪನಿ ಮ್ಯಾಲ ಕೊಂಡ ದಿನದ ಮ್ಯಾಲ ಹೆಚ್ಚುಕಡಿಮಿ ಆಗ್ತೈತಿ. ಆ 8 ಕೇಳಿ ಹಿಗ್ಗಬ್ಯಾಡ್ರಿ, ಅದು ಬಡ್ಡಿ ಅಲ್ಲ, ಅದರೊಳಗ ನಿಮ್ಮ ಅಸಲನ್ನ ಸ್ವಲ್ಪ ಸ್ವಲ್ಪ ನಿಮಗ ವಾಪಸ್ ಕೊಡಾಕತ್ತಾರ. ಮತ್ತ ಟ್ಯಾಕ್ಸ್‌ನವ್ರು ಅದನ್ನ ಬಿಡಸಿ ನೋಡೂದಿಲ್ಲ, ಬಂದದ್ದೆಲ್ಲಾ ಆದಾಯನ, ನೌಕರಿ ಪಿಂಚಣಿಗೆ ಸಿಗೂ 75 ಸಾವಿರದ ಸ್ಟ್ಯಾಂಡರ್ಡ್ ಡಿಡಕ್ಷನ್ನೂ ನೀವು ಕೊಂಡ ಆನ್ಯುಟಿಗೆ ಇಲ್ಲ. ಎಲ್ಲಾದಕ್ಕಿಂತ ಟ್ಯಾಕ್ಸಿನ್ಯಾಗ ಹಿಂದ ಉಳಿದದ್ದು ಇದ, ಅದನ್ನ ಟ್ಯಾಕ್ಸ್ ಉಳಿತೈತಿ ಅಂತ ಮಾರ್ತಾರ ನೋಡ್ರಿ.

ಸೇಫ್ಟಿ ಮಾತಿಗೆ ಬಂದ್ರ ಎಲ್‌ಐಸಿ ಪಾಲಿಸಿಗೆ 1956ರ ಎಲ್‌ಐಸಿ ಕಾಯ್ದೆ 37ನೇ ಕಲಮಿನ್ಯಾಗ ಕೇಂದ್ರ ಸರ್ಕಾರದ ಗ್ಯಾರಂಟಿ ಐತಿ, ಖಾಸಗಿ ಕಂಪನಿಗೆ ಆ ಗ್ಯಾರಂಟಿ ಇಲ್ಲ, ವಿಮಾ ಕಂಪನಿಗಳ ನಿಯಂತ್ರಕ ಐಆರ್‌ಡಿಎಐ ಉಸ್ತುವಾರಿ ಮಾತ್ರ. ಅಪಾಯ ಬ್ಯಾರೆ ಕಡೆ ಐತಿ. ಇವತ್ತು 8 ಸಾವಿರ ಬರೂದು 15 ವರ್ಷ ಆದ ಮ್ಯಾಲೂ 8 ಸಾವಿರನ, ವರ್ಷಕ್ಕ 6 ಪರ್ಸೆಂಟ್ ತುಟ್ಟಿ ಹಿಡಿದ್ರ ಅದರ ಬೆಲಿ ಇವತ್ತಿನ 3,300 ರೂಪಾಯಿ ಅಷ್ಟ. ಮಧ್ಯಾಗ ತಗೀಬೇಕಂದ್ರ ಎಫ್‌ಡಿ ಮುರದಂಗ ಸರಳ ಅಲ್ಲ, ಕೆಲವು ನಮೂನಿದಾಗ ಬರೂದ ಇಲ್ಲ. ಒಂದ್ ವೇಳೆ ಸಹಿ ಮಾಡೇ ಬಿಟ್ಟಿದ್ರ ಪಾಲಿಸಿ ಕೈಗೆ ಬಂದ 30 ದಿನದೊಳಗ ಫ್ರೀ ಲುಕ್ ಅಂತ ವಾಪಸ್ ಕೊಡಬಹುದು.

ಆದ್ರ ಆನ್ಯುಟಿಗೊಂದು ಖರೇನ ಗುಣ ಐತಿ. ಈ ಸೀನಿಯರ್ ಸ್ಕೀಮಿನ 8.2 ಐದು ವರ್ಷಕ್ಕಷ್ಟ. ಆಮ್ಯಾಲ ಮೂರು ಮೂರು ವರ್ಷ ಮುಂದುವರಿಸಬಹುದು, ಆಗಿನ ರೇಟಿಗೆ. 2020ರ ಏಪ್ರಿಲ್‌ದಾಗ ಇದ ಸ್ಕೀಮ್ 8.6ರಿಂದ 7.4ಕ್ಕ ಇಳದಿತ್ತು, 2022ರ ಸೆಪ್ಟೆಂಬರ್ ತನಕ ಅಲ್ಲೇ ಇತ್ತು. ನಿಮಗ ಹಂಗಾದ್ರ ತಿಂಗಳಿಗೆ 2,000 ಕಡಿಮಿ. ಆನ್ಯುಟಿದಾಗ ಆ ಇಳಿಕಿ ಇಲ್ಲ, 90 ವರ್ಷ ಬದುಕಿದ್ರೂ ಅಷ್ಟ ಬರ್ತೈತಿ. ಅದಕ್ಕ ನಾ ಹೇಳೂದು, 70 ದಾಟಿದ ಮ್ಯಾಲ ಒಂದು 10 ಲಕ್ಷ ಆನ್ಯುಟಿಗೆ ಹಾಕಾಕ ಯೋಚನಿ ಮಾಡ್ರಿ. ಅಸಲು ವಾಪಸ್ ಬರದ ನಮೂನಿ ವಯಸ್ಸಾದಂಗ ಹೆಚ್ಚಿಗಿ ಕೊಡ್ತೈತಿ. ವೈನಿ ನಿಮಗಿಂತ ನಾಲ್ಕು ವರ್ಷ ಸಣ್ಣವ್ರು, ಹಂಗಾಗಿ ಗಂಡ ಹೆಂಡ್ತಿ ಇಬ್ಬರ ಜೀವಕ್ಕೂ ಪೂರ್ತಿ ಬರೂ ಜಂಟಿ ನಮೂನಿನ ಕೇಳಬೇಕು, ಒಬ್ಬರ ಜೀವದ್ದು ತಗೊಂಡ್ರ ನೀವು ಹೋದ ತಿಂಗಳಿಂದ ಅವ್ರಿಗೆ ಬಂದ್.

ದೊಡ್ಡ ಪಿಂಚಣಿ ಇರೂ ಮಾಸ್ತರ್ರು, ಸರ್ಕಾರಿ ನೌಕರ್ರು ಇದನ್ನ ಓದಾಕತ್ತಿದ್ರ ಅವ್ರಿಗೊಂದು ಮಾತು. ತಿಂಗಳಿಗೆ 60 ಸಾವಿರ ಪಿಂಚಣಿ, ಮ್ಯಾಲ ಈ ಸ್ಕೀಮಿನ 2,46,000 ಬಡ್ಡಿ, ಒಟ್ಟ 9.66 ಲಕ್ಷ. ಹೊಸ ಪದ್ಧತಿದಾಗ ಟ್ಯಾಕ್ಸ್ ಸೊನ್ನಿ. ಹಿರಿಯರ ಬಡ್ಡಿಗೆ 50 ಸಾವಿರ ಮಾಫ್ ಐತಿ, 80ಟಿಟಿಬಿ ಐತಿ ಅಂತ ಹಳೆ ಪದ್ಧತಿ ಹಿಡಕೊಂಡು ಕೂತ್ರ, ಬ್ಯಾರೆ ಕಡಿತ ಏನೂ ಇಲ್ಲಂದ್ರ, ಸೆಸ್ ಕೂಡಿ 86,528 ಕಟ್ಟಬೇಕು. ಆ 50 ಸಾವಿರದ ಮಾಫಿ ಹೊಸದರಾಗ ಇಲ್ಲ ಖರೇ, ಆದ್ರ ಬೇಕಾಗೂದೂ ಇಲ್ಲ.

ಈಗ ಸೌಹಾರ್ದದಾಗ ಮೊದಲ ಇಟ್ಟ 4 ಲಕ್ಷ. ಅವಧಿ ಮುಗಿಯೂ ಮೊದಲ ಓಡಿ ಹೋಗಿ ಮುರೀಬ್ಯಾಡ್ರಿ, ಬಡ್ಡಿ ಕಳಕೋತೀರಿ. ನೀವು ಅಲ್ಲಿ ಸದಸ್ಯರು ಅದೀರಿ, ವಾರ್ಷಿಕ ಸಭಾದ ವರದಿ ಪುಸ್ತಕ ಕೇಳೂ ಹಕ್ಕು ಐತಿ. ಅದರಾಗ ಎರಡು ಸಾಲು ನೋಡ್ರಿ: ಆಡಿಟ್ ವರ್ಗ ಎ ಐತೋ, ಬಿ ಸಿ ಕಡೆ ಇಳದೈತೋ, ಮತ್ತ ಕಟಬಾಕಿ ಸಾಲ ಹೋದ ವರ್ಷಕ್ಕಿಂತ ಎಷ್ಟ ಏರೈತಿ. ವರದಿ ಕೊಡಾಕ ಇವತ್ತು ನಾಳೆ ಅಂದ್ರ, ಇಲ್ಲಾ ಠೇವಣಿ ಮುಗಿದವ್ರಿಗೆ "ಇನ್ನೊಂದು ಆರು ತಿಂಗಳು ರಿನ್ಯೂ ಮಾಡ್ರಿ, ಅರ್ಧ ಪರ್ಸೆಂಟ್ ಹೆಚ್ಚಿಗಿ ಕೊಡ್ತೀವಿ" ಅಂತ ಅಂದು ಕಳಸಾಕತ್ತಾರ ಅಂತ ಕಿವಿಗೆ ಬಿದ್ರ, ಬಡ್ಡಿ ಹೋದ್ರ ಹೋಗಲಿ, ಆ ವಾರನ ಮುರದು ಚೆಕ್ ತಗೋರಿ. ಎಲ್ಲಾ ಸರಿ ಇದ್ರ ಮುಗಿಯೂ ತಾರೀಖಿನ ತನಕ ಕಾಯ್ರಿ. ಅವತ್ತು ಪತ್ರದ ಹಿಂದ "ರಿನ್ಯೂ" ಅಂತ ಬರೀಬ್ಯಾಡ್ರಿ, ರೊಕ್ಕ ನಿಮ್ಮ ಬ್ಯಾಂಕ್ ಖಾತೆಗೆ ಹಾಕಸ್ಕೊಂಡು ನಾಲ್ಕನೇ ಬ್ಯಾಂಕಿನ್ಯಾಗ ಒಂದು ಎಫ್‌ಡಿ ಮಾಡ್ರಿ. ಆವಾಗ ಸ್ಟ್ಯಾಂಡರ್ಡ್ ಡಿಡಕ್ಷನ್ ಹಿಡೀದಿದ್ರೂ ಆದಾಯ 4 ಲಕ್ಷದ ಒಳಗ ಬರ್ತೈತಿ, 26 ಸಾವಿರ ಬಡ್ಡಿ ಹಿಡದ್ರೂ 3,94,900, ಸೇವಿಂಗ್ಸ್ ಖಾತೆ ಬಡ್ಡಿನೂ ಕೂಡಿಸಿ ಒಮ್ಮೆ ನೋಡ್ಕೊಂಡು ಬಿಡ್ರಿ, ಅಲ್ಲಿ ಅಂಚಿನ ಮ್ಯಾಲ ಅದೀರಿ.